ಪದಚರ್ಚೆ: ‘ಮತ್ತೆ ಸಿಗುವ’ ಅಂದರೆ ಏನರ್ಥ?

ನಮಸ್ಕಾರ. ನಾನು ಮೈಸೂರಿನವನು, ಬೆಂಗಳೂರಿನಲ್ಲಿ ಕೆಲಸ. ಹತ್ತು ದಿನದ ಹಿಂದೆ ಪುತ್ತೂರು ಕಡೆಯ ಒಬ್ಬ ಹುಡುಗಿಯ ಜೊತೆ ಮೊದಲ ಡೇಟ್‌ಗೆ ಹೋಗಿದ್ದೆ. ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದು, ನ್ಯಾಷನಲ್ ಕಾಲೇಜ್ ಮೆಟ್ರೋವರೆಗೆ ಮಾತಾಡುತ್ತಾ ನಡೆದೆವು. ಮೆಟ್ಟಿಲ ಹತ್ತಿರ ಅವಳೇ ಮುಂದೆ ಬಂದು ತಬ್ಬಿಕೊಂಡಳು. ಅವಳ ಬ್ಯಾಗಿನ ಪಟ್ಟಿ ನನ್ನ ಶರ್ಟಿನ ಗುಂಡಿಗೆ ಸಿಕ್ಕಿಕೊಂಡಿತು. ನಗುತ್ತಾ ಬಿಡಿಸಿ, ‘ಬರ್ತೇನೆ ಆಯ್ತಾ’ ಅಂದಳು. ರಾತ್ರಿ ಮೆಸೇಜ್ ಬಂತು: ‘ಮನೆಗೆ ಮುಟ್ಟಿದೆ. ಖುಷಿ ಆಯ್ತು. ಮತ್ತೆ ಸಿಗುವ.’

‘ಸಿಗುವ’ ಆದಮೇಲೆ ಇನ್ನೊಂದು ಪದ ಬರುತ್ತೆ ಅಂತ ಕಾದೆ. ನಮ್ಮ ಕಡೆ ‘ಸಿಗುವ ಪುಸ್ತಕ’, ‘ಸಿಗುವ ಜಾಗ’ ಅಂತ ತಾನೇ ಹೇಳೋದು? ಆಮೇಲೆ ಅದು ‘ಸಿಗೋಣ’ ಅಂತ ಹೊಳೆಯಿತು. ಆದರೆ ಯಾವಾಗ ಅನ್ನೋದು ಇವತ್ತಿನವರೆಗೂ ಬಂದಿಲ್ಲ. ಆ ಅಪ್ಪುಗೆಯನ್ನು ನಂಬಲೋ, ಈ ಮಾತನ್ನೋ? ಇದರಲ್ಲಿ ‘ಮತ್ತೆ’ ಅಂದರೆ ಸರಿಯಾಗಿ ಏನು?

ಧಾರವಾಡದಿಂದ

‘ಹಗ್’ ಬಿಟ್ಟು ‘ಅಪ್ಪುಗೆ’ ಅಂತ ಬರೆದದ್ದು ಚಲೋ ಆತು. 1983ರಲ್ಲಿ ಶಿರಸಿ ಕಡೆ ಮರ ಉಳಿಸಾಕ ಜನ ಅಪ್ಪಿಕೊಂಡಿದ್ದಕ್ಕ ‘ಅಪ್ಪಿಕೋ’ ಚಳವಳಿ ಅಂತನ ಹೆಸರಾತು. ಅಪ್ಪೋದಂದ್ರ ಬಿಟ್ಟುಕೊಡೂದಿಲ್ಲ ಅಂತ ಅರ್ಥ. ತಬ್ಬೋದು ಬರೇ ಪ್ರೀತಿಗೆ. ಅವರು ನಿಮ್ಮನ್ನ ಅಪ್ಪಿದ್ರೋ, ತಬ್ಬಿದ್ರೋ?

ಪುತ್ತೂರಿನಿಂದ

ಅಪ್ಪಿಕೋ ಹೆಸರು ಸರಿ. ಆದರೆ ತಬ್ಬು, ಅಪ್ಪು ಎರಡನ್ನೂ ಹಾಗೆ ಗೆರೆ ಹಾಕಿ ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಅಮ್ಮ ಮಗುವನ್ನು ಅಪ್ಪಿಕೊಳ್ಳುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಎರಡೂ ಸಲ್ಲುತ್ತದೆ.

ಕೇಳಿದ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ‘ಹೋಗುವ’, ‘ತಿನ್ನುವ’ ಅಂದರೆ ನಿಮ್ಮ ‘ಹೋಗೋಣ’, ‘ತಿನ್ನೋಣ’. ‘ಮತ್ತೆ’ ಅನ್ನುವುದರಲ್ಲೇ ಎಡವುವುದು. ನೀವು ‘ಇನ್ನೊಮ್ಮೆ’ ಅಂತ ಓದಿದ್ದೀರಿ. ಅದೂ ನಮ್ಮಲ್ಲಿ ಉಂಟು. ಆದರೆ ದಿನಬಳಕೆಯಲ್ಲಿ ‘ಆಮೇಲೆ’ ಅನ್ನುವ ಅರ್ಥವೇ ಜಾಸ್ತಿ. ‘ಈಗ ಊಟ ಮಾಡು, ಮತ್ತೆ ಹೇಳ್ತೇನೆ’ ಅಂದರೆ ಎರಡನೇ ಸಲ ಹೇಳುತ್ತೇನೆ ಅಂತ ಅಲ್ಲ. ಹಾಗಾಗಿ ‘ಮತ್ತೆ ಸಿಗುವ’ದಲ್ಲಿ ‘ಎರಡನೇ ಡೇಟ್’ ಇರಲೂಬಹುದು, ಸುಮ್ನೆ ‘ಆಯ್ತು, ಆಮೇಲೆ ಸಿಗೋಣ’ ಅಷ್ಟೇ ಇರಲೂಬಹುದು. ಪಕ್ಕದ ಮನೆಯವರಿಗೂ ನಾವು ಹಾಗೇ ಹೇಳುವುದು.

ಇನ್ನು ‘ಬರ್ತೇನೆ’. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅಂದರೆ ಹಿರಿಯರು ಬೈಯುತ್ತಿದ್ದರು. ಅದಕ್ಕೇ ವಾಪಸು ಬರದವರೂ ‘ಬರ್ತೇನೆ’ ಅನ್ನುತ್ತಾರೆ. ಅದು ಸುಳ್ಳಲ್ಲ, ಆ ಹೊತ್ತಿನ ಅಕ್ಕರೆ. ಅವರ ಅಪ್ಪುಗೆಯನ್ನೂ ನಾನು ಹೀಗೇ ಓದುತ್ತೇನೆ. ಅದು ಕಳೆದ ಸಂಜೆಯ ಬಗ್ಗೆ ನಿಜ ಹೇಳುತ್ತದೆ. ಮುಂದಿನ ಸಂಜೆ ಅದರಲ್ಲಿಲ್ಲ.

ಬೆಂಗಳೂರಿನಿಂದ

ನನ್ನದೇ ಹೇಳ್ತೀನಿ. ಒಂದು ಸಲ ಒಬ್ಬರನ್ನು ಬಸ್ ಸ್ಟಾಪಿನಲ್ಲಿ ಗಟ್ಟಿಯಾಗಿ ತಬ್ಬಿಕೊಂಡೆ. ಮತ್ತೆ ಭೇಟಿ ಮಾಡೋ ಮನಸ್ಸಿರಲಿಲ್ಲ. ಒಳ್ಳೆಯವರು, ಮರ್ಯಾದೆಯಿಂದ ನಡೆದುಕೊಂಡರು, ಆ ಖುಷಿಗೆ ತಬ್ಬಿದ್ದು. ಇನ್ನೊಬ್ಬರನ್ನು ಮುಟ್ಟಲೂ ಇಲ್ಲ, ನಾಚಿಕೆ. ಈಗ ಅವರನ್ನೇ ಮದುವೆಯಾಗಿದ್ದೀನಿ.

ಒಂದು ಕೇಳ್ಲಾ? ಆ ಮೆಸೇಜಿಗೆ ನೀವೇನು ಬರೆದಿರಿ? ಅವರು ದಿನ ಹೇಳಲಿಲ್ಲ, ಸರಿ. ನೀವು ಹೇಳಿದಿರಾ?

ಕೇಳಿದವನಿಂದ

ಇಲ್ಲ. ‘ಖಂಡಿತ ಸಿಗೋಣ’ ಅಂತ ಬರೆದೆ, ಅಷ್ಟೇ.

ಪುತ್ತೂರಿನಿಂದ

ಹಾಗಾದರೆ ಅವರೂ ನಿಮ್ಮ ‘ಸಿಗೋಣ’ವನ್ನು ಇಟ್ಟುಕೊಂಡು ಇದೇ ಲೆಕ್ಕ ಹಾಕುತ್ತಿರಬಹುದು, ಅಲ್ವಾ? ‘ಓಣ’ ಇಬ್ಬರನ್ನೂ ಸೇರಿಸುತ್ತದೆ, ಯಾರ ತಲೆಗೂ ಕಟ್ಟುವುದಿಲ್ಲ. ‘ಶನಿವಾರ ಸಂಜೆ ಬಿಡುವಿದೆಯಾ’ ಅಂತ ಕೇಳಿ. ‘ನೋಡುವ’ ಅಂತ ಬಂದರೆ ನಮ್ಮಲ್ಲಿ ಅದು ಹೆಚ್ಚಾಗಿ ನೋವಾಗದ ಹಾಗೆ ಹೇಳುವ ‘ಬೇಡ’. ‘ಶನಿವಾರ ಆಗ್ಲಿಕ್ಕಿಲ್ಲ, ಭಾನುವಾರ?’ ಅಂದರೆ ಬೇರೆಯೇ ಕಥೆ.

ಕೇಳಿದವನಿಂದ, ಎರಡು ದಿನದ ನಂತರ

ಕೇಳಿದೆ. ‘ಶನಿವಾರ ಊರಿಗೆ ಹೋಗ್ಲಿಕ್ಕುಂಟು. ಬಂದ ಮೇಲೆ ಹೇಳ್ತೇನೆ’ ಅಂತ ಬಂತು. ಇದು ‘ನೋಡುವ’ ಅಲ್ಲ, ಭಾನುವಾರವೂ ಅಲ್ಲ. ಏನಂತ ಓದಲಿ?

ಪುತ್ತೂರಿನಿಂದ

‘ಹೇಳುವ’ ಅನ್ನದೆ ‘ಹೇಳ್ತೇನೆ’ ಅಂದಿದ್ದಾರೆ. ಹೇಳುವ ಕೆಲಸವನ್ನು ತಾವೇ ಹೊತ್ತುಕೊಂಡ ಹಾಗಾಯಿತು. ಅದಕ್ಕಿಂತ ಹೆಚ್ಚು ಅರ್ಥ ಆ ಮಾತಿನಿಂದ ತೆಗೆಯಲಿಕ್ಕೆ ನನಗೆ ಧೈರ್ಯ ಇಲ್ಲ.

ಬೆಂಗಳೂರಿನಿಂದ

ಊರಿಂದ ಯಾವತ್ತು ಬರ್ತಾರಂತೆ?

ಕೇಳಿದವನಿಂದ

ಅದನ್ನು ಕೇಳಲಿಲ್ಲ. ‘ಹುಷಾರಾಗಿ ಹೋಗಿ ಬಾ’ ಅಂತ ಬರೆದೆ.