ಸಹಾಯ ಬೇಕು: ಜರ್ಮನಿ ವರ್ಗಾವಣೆ ಬೇಡ ಅಂತ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸ. ಕಂಪನಿ ಮೂರು ವರ್ಷಕ್ಕೆ ಮ್ಯೂನಿಕ್‌ಗೆ ಹೋಗಿ ಅಂತಿದೆ. ನನ್ನ ಹೆಂಡತಿ ಡಾಕ್ಟರ್. ಅಲ್ಲಿ ವೀಸಾ ಸಿಕ್ಕರೂ ಜರ್ಮನ್ ಭಾಷೆ ಕಲಿತು, ವೈದ್ಯಕೀಯ ಜರ್ಮನ್ ಪರೀಕ್ಷೆ ಪಾಸಾಗಿ, ಅಲ್ಲಿನ ಲೈಸೆನ್ಸ್ ಪಡೆಯದೆ ಪ್ರಾಕ್ಟೀಸ್ ಮಾಡುವಂತಿಲ್ಲ. ಅಷ್ಟರಲ್ಲಿ ವಾಪಸ್ ಬರುವ ಹೊತ್ತಾಗುತ್ತದೆ, ಅಲ್ವಾ?

ಮಗಳು ಒಂಬತ್ತನೇ ಕ್ಲಾಸ್ ಮುಗಿಸುತ್ತಿದ್ದಾಳೆ. ಈಗ ಹೋದರೆ ಹತ್ತನೇ ಕ್ಲಾಸೂ ಹನ್ನೆರಡೂ ಎರಡೂ ಹೊರಗೆ. ಸಿಇಟಿ ಸೀಟಿಗೆ ಇಲ್ಲಿ ಏಳು ವರ್ಷ ಓದಿದ್ದರೆ ಸಾಲದು, ಇವೆರಡರಲ್ಲಿ ಒಂದನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು.

ನೇಮಕಾತಿ ಪತ್ರದಲ್ಲಿ 'ಎಲ್ಲಿಗಾದರೂ ವರ್ಗಾಯಿಸಬಹುದು' ಎಂದಿದೆ. 90 ದಿನದೊಳಗಿನ ಪ್ರವಾಸಗಳಿಗೆ ನಾನು ಸಿದ್ಧ. ಹೀಗೆ ನಿರಾಕರಿಸಿದವರು, ರಾಜೀನಾಮೆ ಅಂತ ಅರ್ಥ ಬಾರದಂತೆ ಇಮೇಲ್ ಹೇಗೆ ಬರೆದಿರಿ? ದಯವಿಟ್ಟು ತಿಳಿಸಿ.