ನಿದ್ರಾ ನಿರ್ಬಂಧ ಚಿಕಿತ್ಸೆ: ಎರಡನೆಯ ವಾರದಲ್ಲಿ ಇದ್ದ ನಿದ್ರೆಯೂ ಕಡಿಮೆಯಾಗಿದೆ, ನಿಲ್ಲಿಸಲೇ?

ಸುಜಾತಾ (ಪ್ರಶ್ನೆ): ನಾಲ್ಕು ವರ್ಷಗಳಿಂದ ನಿದ್ರಾಹೀನತೆಯಿದೆ. ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಏಳುತ್ತಿದ್ದೆ, ಎರಡು ವಾರ ಬರೆದ ಡೈರಿಯ ಪ್ರಕಾರ ನಿದ್ರೆ ಸರಾಸರಿ ಐದೂವರೆ ಗಂಟೆ. ಈ ಚಿಕಿತ್ಸೆಯ ಬಗ್ಗೆ ಓದಿ, ಹಾಸಿಗೆಯಲ್ಲಿರುವ ಅವಧಿಯನ್ನೂ ಅಷ್ಟಕ್ಕೇ, ರಾತ್ರಿ 12.30ರಿಂದ ಬೆಳಿಗ್ಗೆ 6ರವರೆಗೆ ಎಂದು ಇಳಿಸಿಕೊಂಡೆ. ಮೊದಲ ವಾರದ ಸರಾಸರಿ 4 ಗಂಟೆ 40 ನಿಮಿಷಕ್ಕೆ ಕುಸಿದಿದೆ. ಮಲಗಿದೊಡನೆ ನಿದ್ರೆ ಬರುತ್ತದೆ, ಆದರೆ 5ಕ್ಕೆಲ್ಲ ಎಚ್ಚರವಾಗುತ್ತದೆ. ಹಗಲೆಲ್ಲ ಕಣ್ಣುರಿ, ಸಿಡಿಮಿಡಿ, ಲೆಕ್ಕಪತ್ರಗಳಲ್ಲಿ ತಪ್ಪುಗಳು. ಮುಂದುವರಿಸಲೇ, ನಿಲ್ಲಿಸಲೇ?

ಮೀರಾ (ಚಿಕಿತ್ಸಾ ಮನೋವಿಜ್ಞಾನಿ, ನಿದ್ರಾ ಸಮಸ್ಯೆಗಳ ಚಿಕಿತ್ಸೆ): ಸುಜಾತಾ ಅವರೇ, ನೀವು ಬರೆದಿರುವುದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು "ಮಲಗಿದೊಡನೆ ನಿದ್ರೆ ಬರುತ್ತದೆ" ಎಂಬ ಮಾತು. ಚಿಕಿತ್ಸೆ ತನ್ನ ಕೆಲಸವನ್ನು ಆರಂಭಿಸಿದೆ ಎನ್ನುವುದಕ್ಕೆ ಅದೇ ಗುರುತು. ಹೀಗಾಗಿ ಈಗಲೇ ನಿಲ್ಲಿಸಬೇಡಿ ಎಂಬುದು ನನ್ನ ಅಭಿಪ್ರಾಯ, ಆದರೆ ಕೆಲವು ವಿಷಯಗಳನ್ನು ತಿಳಿದುಕೊಂಡ ಮೇಲಷ್ಟೇ ಅದನ್ನು ಖಚಿತವಾಗಿ ಹೇಳಬಲ್ಲೆ.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತಾ ಹೋಗುತ್ತದೆ, ಅದರೊಂದಿಗೆ ನಿದ್ರೆಯ ಒತ್ತಡವೂ, ಅಂದರೆ ನಿದ್ರೆಗೆ ಜಾರಬೇಕೆಂಬ ದೇಹದ ಒತ್ತಾಯವೂ ಏರುತ್ತದೆ, ಮಲಗಿದ ಮೇಲೆ ಅದು ಇಳಿಯುತ್ತದೆ. ನಿಮ್ಮ ದೇಹ ಒಂದು ದಿನದಲ್ಲಿ ಐದೂವರೆ ಗಂಟೆಯ ನಿದ್ರೆಯನ್ನಷ್ಟೇ ಕೊಡುತ್ತಿದ್ದಾಗ ನೀವು ಅದನ್ನು ಎಂಟೂವರೆ ಗಂಟೆಯ ಹಾಸಿಗೆಗೆ ಹರಡಿದ್ದಿರಿ. ಒಂದೇ ಕೊಡ ನೀರನ್ನು ಇಡೀ ಅಂಗಳಕ್ಕೆ ಚಿಮುಕಿಸಿದಂತೆ ಎಲ್ಲಿಯೂ ನೆಲ ಸರಿಯಾಗಿ ನೆನೆಯಲಿಲ್ಲ. ಜೊತೆಗೆ ದಿನವೂ ಮೂರು ಗಂಟೆ ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡಿದ್ದರಿಂದ, ಹಾಸಿಗೆ ಎಂದರೆ ಚಿಂತಿಸುವ ಜಾಗ ಎಂದೇ ಮೆದುಳಿಗೆ ರೂಢಿಯಾಗಿಬಿಟ್ಟಿತ್ತು. ಆರ್ಥರ್ ಸ್ಪೀಲ್ಮನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಈ ಚಿಕಿತ್ಸೆಯನ್ನು ಪ್ರಕಟಿಸಿದಾಗ ಅವರ ವಾದವೂ ಇದೇ ಆಗಿತ್ತು: ನಿದ್ರಾಹೀನತೆ ಯಾವ ಕಾರಣಕ್ಕಾದರೂ ಆರಂಭವಾಗಿರಲಿ, ಕಳೆದುಹೋದ ನಿದ್ರೆಯನ್ನು ತುಂಬಿಕೊಳ್ಳಲೆಂದು ಹಾಸಿಗೆಯಲ್ಲಿ ಹೆಚ್ಚು ಹೊತ್ತು ಕಳೆಯುವ ಅಭ್ಯಾಸವೇ ಅದನ್ನು ವರ್ಷಗಟ್ಟಲೆ ಉಳಿಸುತ್ತದೆ.

ಹಾಗಿದ್ದರೆ ಆರಂಭದಲ್ಲಿ ಏಕೆ ಹದಗೆಡುತ್ತದೆ? ಅವಧಿಯನ್ನು ಕತ್ತರಿಸುವುದು ಒಂದೇ ರಾತ್ರಿಯ ಕೆಲಸ, ಚದುರಿದ ನಿದ್ರೆ ಒಗ್ಗೂಡುವುದಕ್ಕೆ ವಾರಗಳು ಬೇಕು. ಮುಂಚೆ ರಾತ್ರಿ 11ರ ಹೊತ್ತಿಗೆ ಬರುತ್ತಿದ್ದ ಜೊಂಪು, ಬೆಳಿಗ್ಗೆ 6ರ ನಂತರದ ಮಂಪರು, ಇಂಥ ತುಣುಕುಗಳೆಲ್ಲ ಸೇರಿಯೇ ನಿಮ್ಮ ಐದೂವರೆ ಗಂಟೆ ಆಗುತ್ತಿತ್ತು. ಅವು ಈಗ ಅವಧಿಯ ಹೊರಗೆ ಉಳಿದಿವೆ, ಒಳಗಿನ ಎಚ್ಚರಗಳಾದರೋ ಇನ್ನೂ ಪೂರ್ತಿ ಮಾಯವಾಗಿಲ್ಲ. ಹೀಗಾಗಿ ಈ ನಡುವಿನ ದಿನಗಳಲ್ಲಿ ನಿಮ್ಮ ನಿದ್ರೆ ನಿಜಕ್ಕೂ ಕಡಿಮೆಯಾಗಿದೆ. ಅದು ನಿಮ್ಮ ಭ್ರಮೆಯಲ್ಲ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಒಟ್ಟು ನಿದ್ರೆ ಇಳಿಯುತ್ತದೆ, ಹಗಲಿನ ತೂಕಡಿಕೆ ಹೆಚ್ಚುತ್ತದೆ, ಗಮನದ ಚುರುಕು ತಗ್ಗುತ್ತದೆ ಎಂಬುದನ್ನು 2014ರ ಒಂದು ಅಧ್ಯಯನ ಅಳೆದು ತೋರಿಸಿತು. ಲೆಕ್ಕಪತ್ರದಲ್ಲಿ ತಪ್ಪಾಗುತ್ತಿರುವುದು ಇದರಿಂದಲೇ. ಮುಖ್ಯವಾದ ಲೆಕ್ಕಗಳನ್ನು ಈ ಕೆಲವು ವಾರ ಇನ್ನೊಬ್ಬರಿಗೆ ತೋರಿಸಿ ಮುಂದೆ ಕಳುಹಿಸಿ.

ಈಗ ನನ್ನ ಪ್ರಶ್ನೆಗಳು. ರಾತ್ರಿ ಊಟದಿಂದ 12.30ರವರೆಗಿನ ಹೊತ್ತನ್ನು ಹೇಗೆ ಕಳೆಯುತ್ತೀರಿ? ಕಾರು ಅಥವಾ ಸ್ಕೂಟರ್ ಓಡಿಸುತ್ತೀರಾ? ಗೊರಕೆ ಇದೆಯೇ? ಅಪಸ್ಮಾರ, ನಿದ್ರೆಯಲ್ಲಿ ಎದ್ದು ನಡೆಯುವುದು ಅಥವಾ ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ ನಿಮಗೆ ಯಾವಾಗಲಾದರೂ ಇತ್ತೇ?

ಪ್ರಕಾಶ್: ಮೇಡಂ ಹೇಳಿದ ಒತ್ತಡದ ವಿಷಯ ನೂರಕ್ಕೆ ನೂರು ನಿಜ. ನನ್ನ ಅನುಭವದಿಂದ ಹೇಳುವುದಾದರೆ ಇವರು ಇನ್ನೂ ಧೈರ್ಯ ಮಾಡಬೇಕು. ನಾನು ನೇರವಾಗಿ ನಾಲ್ಕು ಗಂಟೆಗೆ ಇಳಿಸಿದ್ದೆ. ಒತ್ತಡ ಹೆಚ್ಚಾದಷ್ಟೂ ಫಲ ಬೇಗ ಬರುತ್ತದೆ. ಭಾನುವಾರ ಮಾತ್ರ 9ರವರೆಗೆ ಮಲಗಿ ದಣಿವಾರಿಸಿಕೊಂಡರೆ ಸಾಕು.

ಮೀರಾ: ಪ್ರಕಾಶ್ ಅವರೇ, ಒತ್ತಡವೇ ಇಲ್ಲಿನ ಚಾಲಕಶಕ್ತಿ ಎಂಬ ನಿಮ್ಮ ಮಾತು ಸರಿ. ಆದರೆ ಅವಧಿ ನಿರ್ಧಾರವಾಗಬೇಕಾದದ್ದು ಡೈರಿಯ ಸರಾಸರಿಯಿಂದ, ಧೈರ್ಯದಿಂದಲ್ಲ. ಸ್ಪೀಲ್ಮನ್ ಅವರ ಮೂಲ ವಿಧಾನದಲ್ಲಿಯೂ ನಾಲ್ಕೂವರೆ ಗಂಟೆಗಿಂತ ಕೆಳಗೆ ಹೋಗುವಂತಿರಲಿಲ್ಲ. ಇಂದು ನಮ್ಮಲ್ಲಿ ಬಹುತೇಕರು ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಡೈರಿ ನಾಲ್ಕು ಗಂಟೆ ತೋರಿಸಿದರೂ ಐದನ್ನೇ ಕೊಡುತ್ತೇವೆ. ಭಾನುವಾರ 9ರವರೆಗೆ ಮಲಗಿದರೆ ಆ ರಾತ್ರಿಯ ಒತ್ತಡ ಮೂರು ಗಂಟೆಯಷ್ಟು ಕಡಿಮೆಯಾಗುತ್ತದೆ, ದೇಹದ ಗಡಿಯಾರವೂ ತಡವಾಗುತ್ತದೆ. ಭಾನುವಾರ ರಾತ್ರಿಯ ನಿದ್ರೆ ಕೆಡುವುದು ಇದರಿಂದ. ಏಳುವ ಹೊತ್ತು ವಾರದ ಏಳೂ ದಿನ ಒಂದೇ ಇರಬೇಕು ಎಂಬ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದೇ ಇಲ್ಲ.

ನಾಗವೇಣಿ: ನನ್ನ ಯಜಮಾನರಿಗೂ ರಾತ್ರಿ ನಿದ್ರೆಯಿಲ್ಲ. ಅವರಿಗೆ ಬೈಪೋಲಾರ್ ಕಾಯಿಲೆಗೆ ಲಿಥಿಯಂ ನಡೆಯುತ್ತಿದೆ. ಈಚೆಗೆ ಮೂರು ಗಂಟೆ ಮಲಗಿದರೂ ತುಂಬ ಉತ್ಸಾಹದಿಂದಿರುತ್ತಾರೆ. ಅಂದರೆ ಈ ಚಿಕಿತ್ಸೆ ಅವರಿಗೆ ತಾನಾಗಿಯೇ ಆಗುತ್ತಿದೆ ಎಂದು ಅರ್ಥವೇ?

ಮೀರಾ: ಇಲ್ಲ ನಾಗವೇಣಿಯವರೇ, ಇದು ಸಂಪೂರ್ಣ ಬೇರೆಯೇ ವಿಷಯ. ನಿದ್ರೆಯನ್ನು ನಿರ್ಬಂಧಿಸಿದವರು ಮೂರು ಗಂಟೆ ಮಲಗಿದರೆ ಮರುದಿನ ತೂಕಡಿಸುತ್ತಾರೆ. ಕಡಿಮೆ ಮಲಗಿಯೂ ದಣಿವಿಲ್ಲದೆ ಉತ್ಸಾಹ ಏರುತ್ತಿದ್ದರೆ ಅದು ಉನ್ಮಾದದ ಆರಂಭವಿರಬಹುದು. ದಯವಿಟ್ಟು ಇಂದೇ ಅವರ ಮನೋವೈದ್ಯರಿಗೆ ತಿಳಿಸಿ. ನಿದ್ರೆ ಕಡಿಮೆಯಾಗುವುದೇ ಉನ್ಮಾದವನ್ನು ಕೆರಳಿಸಬಲ್ಲದು. ಆದ್ದರಿಂದ ಅವರು ಈ ಚಿಕಿತ್ಸೆಯನ್ನು ತಾವಾಗಿಯೇ ಪ್ರಯತ್ನಿಸಬಾರದು. ಅಪಸ್ಮಾರ ಇರುವವರಿಗೂ ಇದೇ ಮಾತು, ಏಕೆಂದರೆ ನಿದ್ರೆಗೆಟ್ಟರೆ ಸೆಳವು ಬರುವ ಸಂಭವ ಹೆಚ್ಚು.

ಸುಜಾತಾ: ಉತ್ತರಕ್ಕೆ ಕೃತಜ್ಞತೆಗಳು ಮೇಡಂ. ನೀವು ಕೇಳಿದ ಕಾಯಿಲೆಗಳು ಯಾವುವೂ ಇಲ್ಲ. ಕಾರು ಓಡಿಸುತ್ತೇನೆ, ಕಚೇರಿಗೆ ಮುಕ್ಕಾಲು ಗಂಟೆಯ ದಾರಿ. ಗೊರಕೆ ಇದೆ ಎಂದು ಮನೆಯವರು ಹೇಳುತ್ತಾರೆ. ರಾತ್ರಿ ಊಟವಾದ ಮೇಲೆ ಸೋಫಾದಲ್ಲಿ ಕುಳಿತು ಟಿವಿ ನೋಡುತ್ತೇನೆ. ಹತ್ತು ಗಂಟೆಯ ಸುಮಾರಿಗೆ ಕುಳಿತಲ್ಲೇ ಕಣ್ಣು ಮುಚ್ಚಿಹೋಗುತ್ತದೆ, ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಆಗಬಹುದು. ಹಾಸಿಗೆಯಲ್ಲಿ ಅಲ್ಲವಲ್ಲ ಎಂದು ಅದನ್ನು ಡೈರಿಯಲ್ಲಿ ಬರೆದಿಲ್ಲ.

ಮೀರಾ: ಆ ಅರ್ಧ ಗಂಟೆಯನ್ನೇ ನಾನು ಹುಡುಕುತ್ತಿದ್ದೆ. ದಿನವಿಡೀ ಶೇಖರವಾದ ಒತ್ತಡದ ಒಂದು ಪಾಲು ಮಲಗುವ ಹೊತ್ತಿಗೆ ಮುನ್ನವೇ ಸೋಫಾದಲ್ಲಿ ಖರ್ಚಾಗುತ್ತಿದೆ. ಉಳಿದ ಪಾಲು ನಿಮ್ಮನ್ನು ಬೇಗ ನಿದ್ರೆಗೆ ಇಳಿಸುತ್ತದೆ, ಬೆಳಗಿನವರೆಗೆ ಹಿಡಿದಿಡಲು ಸಾಲುವುದಿಲ್ಲ. 5ಕ್ಕೆ ಎಚ್ಚರವಾಗುವುದಕ್ಕೆ ಇದೇ ಕಾರಣವಿರಬಹುದು. ಇನ್ನು ಮುಂದೆ ಎಲ್ಲಿ ಕಣ್ಣು ಮುಚ್ಚಿದರೂ ಡೈರಿಯಲ್ಲಿ ಬರೆಯಿರಿ. 9.30ರ ನಂತರ ಸೋಫಾ ಬೇಡ, ದೀಪ ಆರಿಸಿದ ಕೋಣೆಯೂ ಬೇಡ. ಬಟ್ಟೆ ಮಡಿಸುವುದು, ಅಡುಗೆಮನೆಯ ಕಪಾಟು ಜೋಡಿಸುವುದು, ನಿಂತುಕೊಂಡೇ ಯಾರೊಡನಾದರೂ ಮಾತನಾಡುವುದು, ಹೀಗೆ ಕಾಲ ಮೇಲೆ ನಿಂತು ಮಾಡುವ ಕೆಲಸವನ್ನು ಆ ಹೊತ್ತಿಗೆಂದೇ ಉಳಿಸಿಕೊಳ್ಳಿ. ಈ ಚಿಕಿತ್ಸೆಯಲ್ಲಿ ಅತ್ಯಂತ ಕಠಿಣವಾದದ್ದು ಹಾಸಿಗೆಯಲ್ಲಿ ಕಳೆಯುವ ಹೊತ್ತಲ್ಲ, ಹಾಸಿಗೆಗೆ ಹೋಗುವ ಮುಂಚಿನ ಆ ಮೂರು ಗಂಟೆ.

ಇನ್ನು ಲೆಕ್ಕ. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ರೆಯ ಪಾಲು ಮುಂಚೆ ಶೇ. 65 ಇತ್ತು. ಮೊದಲ ವಾರದಲ್ಲಿ 330 ನಿಮಿಷಗಳಲ್ಲಿ 280, ಅಂದರೆ ಸುಮಾರು ಶೇ. 85. ಒಟ್ಟು ನಿದ್ರೆ ಐವತ್ತು ನಿಮಿಷ ಇಳಿದಿದ್ದರೂ ಎಚ್ಚರವಾಗಿ ಹೊರಳಾಡುವ ಹೊತ್ತು ಮೂರು ಗಂಟೆಯಿಂದ ಐವತ್ತು ನಿಮಿಷಕ್ಕೆ ಬಂದಿದೆ. ನೀವು ಮೊದಲನೆಯ ಸಂಖ್ಯೆಯನ್ನು ನೋಡಿ ಹೆದರಿದ್ದೀರಿ, ಈ ಹಂತದಲ್ಲಿ ನಾನು ನೋಡುವುದು ಎರಡನೆಯದನ್ನು. ಶೇ. 85ರಿಂದ 90ರ ನಡುವೆ ಇದ್ದರೆ ಅವಧಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಈ ವಾರವೂ 12.30ರಿಂದ 6. ಮುಂದಿನ ವಾರದ ಸರಾಸರಿ 5 ಗಂಟೆ 5 ನಿಮಿಷವಾಯಿತು ಎಂದುಕೊಳ್ಳಿ, ಅದು ಶೇ. 92. ಆಗ ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ, 12.15ಕ್ಕೆ ತನ್ನಿ, ಏಳುವ ಹೊತ್ತನ್ನು ಬದಲಿಸಬೇಡಿ. ಪ್ರತಿ ವಾರ ಇದೇ ಲೆಕ್ಕ. ಶೇ. 85ಕ್ಕಿಂತ ಕೆಳಗಿಳಿದರೆ ಹದಿನೈದು ನಿಮಿಷ ಕಡಿಮೆ ಮಾಡುವುದು, ಆದರೆ ಐದು ಗಂಟೆಗಿಂತ ಕೆಳಗೆ ಹೋಗದಂತೆ. ನಿದ್ರೆಯ ಹೊತ್ತನ್ನು ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಿಂದ ಬರೆಯಿರಿ. ರಾತ್ರಿ ಗಡಿಯಾರ ನೋಡಿ ಬರೆಯುವವರು ಲೆಕ್ಕ ಇಡಲೆಂದೇ ಎಚ್ಚರವಾಗಿರುತ್ತಾರೆ.

ಕಾರಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅವಧಿ ಹಿಗ್ಗಿ ಹಗಲಿನ ತೂಕಡಿಕೆ ಕಡಿಮೆಯಾಗುವವರೆಗೆ ಸ್ಟೇರಿಂಗ್ ಹಿಡಿಯಬೇಡಿ, ಬೇರೆ ಯಾರಾದರೂ ಓಡಿಸಲಿ. ಅದಕ್ಕೆ ವ್ಯವಸ್ಥೆಯಾಗದಿದ್ದರೆ ಈ ಕ್ರಮವನ್ನು ಬಿಟ್ಟು, 10ರಿಂದ 6.30ರ ಹಳೆಯ ಅವಧಿಯನ್ನು ವಾರಕ್ಕೆ ಅರ್ಧ ಗಂಟೆಯಂತೆ ನಿಧಾನವಾಗಿ ಕಿರಿದುಮಾಡುವ ಕ್ರಮಕ್ಕೆ ಬನ್ನಿ. ಫಲ ತಡವಾಗುತ್ತದೆ, ಹಗಲಿನ ಹೊಡೆತ ಸೌಮ್ಯವಾಗಿರುತ್ತದೆ.

ಪ್ರಕಾಶ್: ಹಾಗಿದ್ದರೆ ಕೊನೆಗೆ ಎಂಟು ಗಂಟೆ ನಿದ್ರೆ ಬಂದೇ ಬರುತ್ತದೆಯಲ್ಲವೇ? ನನಗೆ ಆರು ಕಾಲು ಗಂಟೆಗೆ ನಿಂತುಬಿಟ್ಟಿದೆ.

ಮೀರಾ: ಬಂದೇ ಬರುತ್ತದೆ ಎಂದು ಹೇಳಲಾರೆ. ಈ ಚಿಕಿತ್ಸೆಯಿಂದ ಬೇಗ ನಿದ್ರೆ ಹತ್ತುವುದು, ನಡುರಾತ್ರಿಯ ಎಚ್ಚರಗಳು ಕಡಿಮೆಯಾಗುವುದು ಸ್ಪಷ್ಟವಾಗಿ ಕಾಣುತ್ತದೆ, ಒಟ್ಟು ಗಂಟೆಗಳ ಏರಿಕೆ ಸಾಮಾನ್ಯವಾಗಿ ಸಾಧಾರಣ. ಆರು ಕಾಲು ಗಂಟೆಯ ನಿದ್ರೆಯಲ್ಲಿ ಹಗಲು ಚೆನ್ನಾಗಿ ನಡೆಯುತ್ತಿದ್ದರೆ ಅದೇ ನಿಮ್ಮ ಅಗತ್ಯವಿರಬಹುದು. ಹಗಲು ತೂಕಡಿಕೆ ಇದ್ದರೆ ಅವಧಿಯನ್ನು ಇನ್ನೂ ಹಿಗ್ಗಿಸಿ ನೋಡಬೇಕು. ಫಲಕ್ಕೆ ಕಾರಣ ಹೆಚ್ಚಿದ ಒತ್ತಡವೋ, ಹಾಸಿಗೆಯೊಂದಿಗಿನ ಹಳೆಯ ರೂಢಿ ಕಳಚುವುದೋ, ನಿದ್ರೆ ಬರಿಸಿಕೊಳ್ಳುವ ಹೆಣಗಾಟ ನಿಲ್ಲುವುದೋ ಎಂಬುದರ ಬಗ್ಗೆ ಸಂಶೋಧಕರಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ.

ಸುಜಾತಾ: ಗೊರಕೆಯ ಬಗ್ಗೆ ಏನು ಮಾಡಲಿ ಮೇಡಂ? ಚಿಕಿತ್ಸೆ ಮುಗಿದ ಮೇಲೆ ತೋರಿಸಿದರೆ ಸಾಲದೇ?

ಮೀರಾ: ಅದನ್ನು ಮುಂದೂಡಬೇಡಿ. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆಯೇ ಎಂದು ಮನೆಯವರು ಈ ವಾರ ಗಮನಿಸಲಿ. ಹಾಗಾಗುತ್ತಿದ್ದರೆ ಈ ನಿರ್ಬಂಧವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ನಿದ್ರೆಯ ಪರೀಕ್ಷೆ ಮಾಡಿಸಿ. ಉಸಿರುಕಟ್ಟುವಿಕೆಯಿಂದ ಬರುವ ತೂಕಡಿಕೆ ಹಾಸಿಗೆಯ ಅವಧಿಯನ್ನು ಎಷ್ಟು ತಿದ್ದಿದರೂ ಹೋಗುವುದಿಲ್ಲ, ಅದರ ಮೇಲೆ ನಿರ್ಬಂಧವೂ ಸೇರಿದರೆ ಅಪಾಯ ಇಮ್ಮಡಿಯಾಗುತ್ತದೆ. ಅವರು ಕಂಡದ್ದನ್ನು, ಸೋಫಾದ ಹೊತ್ತನ್ನೂ ಸೇರಿಸಿದ ಡೈರಿಯನ್ನು ವಾರದ ಕೊನೆಗೆ ಇಲ್ಲಿಯೇ ಹಾಕಿ. 12.30 ಉಳಿಯಬೇಕೋ, 12.15 ಆಗಬೇಕೋ ಎಂಬುದನ್ನು ಆಗ ನೋಡೋಣ.