ಸಹಾಯ ಬೇಕು: ಗ್ಲೌಸ್ ಕುರಿತ ಪದ್ಯಕ್ಕೆ ಇನ್ನೆರಡು ಸಾಲು

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ನಮ್ಮ ಫ್ಯಾಬ್ರಿಕೇಶನ್ ವಿಭಾಗದ ಗೋಡೆಗೆ ಪೋಸ್ಟರ್ ಮಾಡುತ್ತಿದ್ದೇನೆ. ಇಷ್ಟು ಬರೆದಿದ್ದೇನೆ:

ತಲೆಗೆ ಹೆಲ್ಮೆಟ್, ಗದ್ದಕೆ ಪಟ್ಟಿ,
ಕೈಗೆ ಗ್ಲೌಸು, ಹಿಡಿತವು ಗಟ್ಟಿ;
ಹರಿತದ ತಗಡನು ಎತ್ತುವ ಮುನ್ನ
ಮರೆಯದೆ ಧರಿಸುವ ಅಭ್ಯಾಸ ಚೆನ್ನ.

ಗದ್ದದ ಪಟ್ಟಿಯನ್ನು ಬೇಕೆಂದೇ ಸೇರಿಸಿದೆ. ಪಟ್ಟಿ ಕಟ್ಟದ ಹೆಲ್ಮೆಟ್ ಬಗ್ಗಿದರೆ ಸಾಕು, ಜಾರಿ ಬೀಳುತ್ತದೆ.

ತೊಡಕಿರುವುದು ಗ್ಲೌಸಿನಲ್ಲಿ. ತಗಡು ಎತ್ತುವವರಿಗೆ ಅದು ಬೇಕೇ ಬೇಕು. ಆದರೆ ಪಕ್ಕದಲ್ಲೇ ಡ್ರಿಲ್ಲಿಂಗ್ ಯಂತ್ರವಿದೆ. ತಿರುಗುವ ಬಿಟ್‌ಗೆ ಗ್ಲೌಸಿನ ತುದಿ ಸಿಕ್ಕಿದರೆ ಕೈಯನ್ನೇ ಸುತ್ತಿ ಎಳೆದುಕೊಳ್ಳುತ್ತದೆ. ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಅಲ್ಲಿ ಗ್ಲೌಸ್ ಕಳಚಿಡಬೇಕು, ಲೋಹದ ಸುರುಳಿಗಳನ್ನು ಯಂತ್ರ ನಿಲ್ಲಿಸಿ ಬ್ರಷ್‌ನಿಂದ ತೆಗೆಯಬೇಕು. ಹೀಗಿರುವಾಗ ನನ್ನ ಪದ್ಯವನ್ನು ಅಲ್ಲಿಯೂ ಅಂಟಿಸಿದರೆ ಅಪಾಯವನ್ನೇ ಕಲಿಸಿದಂತೆ.

‘ತಿರುಗುವ ಡ್ರಿಲ್ಲಿಗೆ ಗ್ಲೌಸು ಬೇಡ’ ಎಂದು ಬರೆದು ನೋಡಿದೆ. ಮುಂದಿನ ಸಾಲಿಗೆ ಪ್ರಾಸ ಸಿಕ್ಕರೆ ಅರ್ಥ ಕೆಡುತ್ತದೆ, ಅರ್ಥ ನಿಂತರೆ ಲಯ ತಪ್ಪುತ್ತದೆ. ‘ಸೂಕ್ತವಾದಲ್ಲಿ ಧರಿಸಿ’ ಎಂದರೆ ಎಲ್ಲಿ ಎಂಬುದೇ ತಿಳಿಯುವುದಿಲ್ಲ.

ಡ್ರಿಲ್ ಮುಟ್ಟುವ ಮೊದಲು ಗ್ಲೌಸ್ ತೆಗೆಯಿರಿ ಎಂಬುದನ್ನು ಇದೇ ಲಯದಲ್ಲಿ, ಪ್ರಾಸದೊಂದಿಗೆ ಎರಡು ಸಾಲಿನಲ್ಲಿ ಯಾರಾದರೂ ಬರೆದುಕೊಡುವಿರಾ? ಅಥವಾ ಆ ಯಂತ್ರಕ್ಕೆ ಬೇರೆಯೇ ಪೋಸ್ಟರ್ ಮಾಡುವುದು ಸರಿಯೇ?